ಹೊಲ ಲೆವೆಲ್ ಲೆಕ್ಕದ ಆ್ಯಪ್: ಹಸಿರು ಟಿಕ್ ನಂಬಬ್ಯಾಡ್ರಿ

ಮುಧೋಳ ಕಡೆ ಕಬ್ಬಿನ ಹೊಲಗಳ ಲೆವೆಲ್ ಹಿಡಿದು, ಎಲ್ಲಿ ಎಷ್ಟು ಮಣ್ಣು ಕಡಿಯಬೇಕು, ಎಲ್ಲಿ ತುಂಬಬೇಕು ಅಂತ ಲೆಕ್ಕ ಕೊಡೋದು ನನ್ನ ಕೆಲಸ. ಹಾಳೆ, ಕ್ಯಾಲ್ಕುಲೇಟರ್ ಬಿಟ್ಟು ಈ ಆ್ಯಪಿಗೆ ಬಂದು ಬಹಳ ದಿನ ಆಯ್ತು. ಫೀಚರ್ ಪಟ್ಟಿ ನೀವೇ ನೋಡಿರ್ತೀರಿ. ನನ್ನ ತಕರಾರು ಒಂದೇ: ಕಡಿತ ಮತ್ತು ತುಂಬುವಿಕೆ ಸಮ ಆದ ಕೂಡಲೇ ಇದು ಹಸಿರು ಟಿಕ್ ತೋರಿಸ್ತದ.

ಒಂದು ಹೊಲದ್ದೇ ಹೇಳ್ತೀನಿ. 60 ಮೀಟರ್ ಅಗಲ, 70 ಮೀಟರ್ ಉದ್ದ, ಎಕರೆಗಿಂತ ತುಸು ಹೆಚ್ಚು, ಎರಿ ಮಣ್ಣು. 10 ಮೀಟರಿಗೊಂದು ಚೌಕ ಹಾಕಿದರೆ 42 ಚೌಕ, ಪ್ರತಿ ಚೌಕದ ನಡುವೆ ಸ್ಟಾಫ್ ಅನ್ನೋ ಅಳತೆ ಕೋಲು ನಿಲ್ಲಿಸಿ, ಲೆವೆಲ್ ದುರ್ಬೀನಿನಾಗ ನೋಡಿ ಒಂದು ರೀಡಿಂಗ್. ಎಲ್ಲಾ ರೀಡಿಂಗ್‌ಗಳ ಸರಾಸರಿ 1.46 ಮೀಟರ್ ಬಂತು. ರೀಡಿಂಗ್ ಕಡಿಮೆ ಇದ್ದಲ್ಲಿ ನೆಲ ಎತ್ತರ. ಹಾಗಾಗಿ 1.38 ಬಂದ ಚೌಕದಲ್ಲಿ 8 ಸೆಂಟಿಮೀಟರ್ ಕಡಿಯಬೇಕು. ಚೌಕ 100 ಚದರ ಮೀಟರ್ ಇರೋದರಿಂದ ಅದು 8 ಘನ ಮೀಟರ್. ಹಿಂಗೆ ಕೂಡಿಸಿದಾಗ ಕಡಿತ 210, ತುಂಬುವಿಕೆಯೂ 210. ಟಿಕ್ ಬಿತ್ತು.

ಆ ಲೆಕ್ಕದ ಮೇಲೇ ಬ್ಲೇಡ್ ಇಳಿಸಿದರೆ ಎತ್ತರದ ಕಡೆ ಗೂಟದ ಮಟ್ಟ ಮುಟ್ಟಿದ ಮೇಲೂ ಡ್ರೈವರ್ "ಸರ, ಮಣ್ಣು ಮುಗೀತ್ರಿ, ತಗ್ಗು ಹಂಗೇ ಐತಿ" ಅಂತಾನ. ಕಡಿದ ಮಣ್ಣು ಮೊದಲು ಉಬ್ಬಿ ಹೆಚ್ಚಾದಂಗ ಕಾಣ್ತದ. ಆಮೇಲೆ ಗಾಲಿಯ ಭಾರಕ್ಕೆ, ನೀರಿಗೆ ಕೂತುಬಿಡ್ತದ. ಅದಕ್ಕ ತುಂಬೋದರ 1.2 ರಿಂದ 1.4 ಪಟ್ಟು ಕಡಿತ ಇಟ್ಟುಕೊಳ್ಳೋದು ರೂಢಿ. ಆ್ಯಪಿನಾಗ ಈ ಪಟ್ಟು ಹಾಕೋ ಜಾಗನೇ ಇಲ್ಲ.

ಉಪಾಯ ಏನಂದರೆ, ಮಟ್ಟವನ್ನು ಕೈಯಿಂದ 1.47 ಅಂತ ಬದಲಿಸೋದು. ಒಂದೇ ಸೆಂಟಿಮೀಟರ್ ಇಳಿಸಿದರೂ ಇಡೀ ಹೊಲಕ್ಕೆ 42 ಘನ ಮೀಟರ್ ವ್ಯತ್ಯಾಸ ಆಗ್ತದ. ಎತ್ತರ, ತಗ್ಗು ಸುಮಾರು ಅರ್ಧರ್ಧ ಇದ್ದ ಈ ಹೊಲದಾಗ ಕಡಿತ 231ರ ಆಸುಪಾಸಿಗೆ ಏರಿತು, ತುಂಬೋದು 189ಕ್ಕೆ ಇಳಿಯಿತು. ಅಂದರೆ 1.22 ಪಟ್ಟು. ಇಷ್ಟಕ್ಕೇ ಟಿಕ್ ಮಾಯವಾಗಿ ಕೆಂಪು ಎಚ್ಚರಿಕೆ ಬರ್ತದ! ಒಂದು ರೀಡಿಂಗ್ ತಿದ್ದಿದರೂ ಮಟ್ಟ ಮತ್ತೆ ಸರಾಸರಿಗೆ ಜಿಗೀತದ. ಲೆಕ್ಕ ಕಳಿಸೋ ಮುಂಚೆ ಮಟ್ಟ ಒಮ್ಮೆ ನೋಡ್ರಿ.

ಸೆಂಟಿಮೀಟರಿನ ಬೆಲೆ ಗೊತ್ತಾದ ಮೇಲೆ ಸ್ಟಾಫ್ ಹಿಡಿಯೋ ಹುಡುಗನ ಮೇಲೂ ಕಣ್ಣಿಡ್ತೀನಿ. ಹೆಂಟೆ ಮೇಲೆ ಇಟ್ಟರೆ ನೆಲ ಎತ್ತರ ಅಂತ, ಬಿರುಕಿನಾಗ ಇಳಿದರೆ ತಗ್ಗು ಅಂತ ಲೆಕ್ಕ ಹೋಗ್ತದ. ಅವನು ಕಾಲಿನಿಂದ ಹೆಂಟೆ ಸರಿಸಿ, ನೆಲ ಒಂದಿಷ್ಟು ತುಳಿದು, ಆಮೇಲೆ ಸ್ಟಾಫ್ ನಿಲ್ಲಿಸ್ತಾನ. ಕಡೀಕ ಬಾವಿ ಕಟ್ಟೆಯ ಗುರುತಿನ ಮೇಲೆ ಮತ್ತೊಮ್ಮೆ ರೀಡಿಂಗ್. ಬೆಳಗಿನದಕ್ಕೆ ತಾಳೆ ಆಗದಿದ್ದರೆ ಲೆವೆಲ್ ಅಲುಗಿರಬೇಕು, ಇಲ್ಲಾ ರೀಡಿಂಗ್ ತಪ್ಪಿರಬೇಕು.

ಬಿಟ್ಟುಬಿಡೋಣ ಅಂತ ಅನ್ನಿಸಿದ್ದುಂಟು. ಆದರೆ ಬಣ್ಣದ ನಕ್ಷೆ ಬಿಡಿಸ್ತಾ ಇಲ್ಲ. ಹೊಲದ ಯಜಮಾನರಿಗೆ ಅಂಕಿ ತೋರಿಸಿದರೆ ತಲೆ ಆಡಿಸಿ ಸುಮ್ಮನಾಗ್ತಾರ. ಕೆಂಪು, ನೀಲಿ ಚೌಕ ತೋರಿಸಿದರೆ "ಆ ಮೂಲ್ಯಾಗ ನೀರು ನಿಲ್ಲತಿತ್ತು ನೋಡ್ರಿ" ಅಂತ ತಾವೇ ಬೆರಳಿಡ್ತಾರ. ವರ್ಷದ ಚಂದಾ ಜೆಸಿಬಿಯ ಒಂದು ತಾಸಿನ ಬಾಡಿಗೆಗಿಂತ ಕಡಿಮೆ. ಐದರಲ್ಲಿ ಮೂರು ಸ್ಟಾರ್. ಪಟ್ಟು ಹಾಕೋ ಜಾಗ ಕೊಟ್ಟ ದಿನ ನಾಲ್ಕು ಮಾಡ್ತೀನಿ.