ಅಪಾರ್ಟ್‌ಮೆಂಟಿನಲ್ಲಿ ಡ್ರಮ್ಸ್ ಅಭ್ಯಾಸ: ರಬ್ಬರ್ ಪ್ಯಾಡ್, ಜಾಲರಿ ಹೊದಿಕೆ, ಎಲೆಕ್ಟ್ರಾನಿಕ್ ಸೆಟ್

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಡ್ರಮ್ಸ್ ಸೆಟ್ಟನ್ನು ಸದ್ದಿಲ್ಲದೆ ಅಭ್ಯಾಸ ಮಾಡಲು ಮೂರು ದಾರಿಗಳನ್ನು ಒಂದರ ನಂತರ ಒಂದರಂತೆ ಬಳಸಿ ನೋಡಿದ್ದೇನೆ. ಹೋಲಿಕೆ ನ್ಯಾಯವಾಗಿರಲೆಂದು ಪ್ರತಿಯೊಂದರಲ್ಲೂ ಒಂದೇ ನಡೆಯನ್ನು, ನಿಮಿಷಕ್ಕೆ 80 ಬಡಿತದ ವೇಗದಲ್ಲಿ ನುಡಿಸಿದೆ: ಬಲಗೈ ಜೋಡಿ ಲೋಹದ ತಾಳವಾದ ಹೈ-ಹ್ಯಾಟಿನ ಮೇಲೆ ನಾಲ್ಕು ಎಣಿಕೆಗೆ ಎಂಟು ಪೆಟ್ಟು, ಬಲಗಾಲು ಒಂದು ಮತ್ತು ಮೂರರಲ್ಲಿ ಬಾಸ್ ಡ್ರಮ್, ಎಡಗೈ ಎರಡು ಮತ್ತು ನಾಲ್ಕರಲ್ಲಿ ಸ್ನೇರ್.

ಈ ಸರಳ ನಡೆಯಲ್ಲೇ ಸೆಟ್ಟಿನ ಮುಖ್ಯ ಭಾಗಗಳ ಕೆಲಸ ತಿಳಿಯುತ್ತದೆ. ಬಾಸ್ ಲಯಕ್ಕೆ ತಳಪಾಯ ಹಾಕುತ್ತದೆ. ತಳದ ಹೊದಿಕೆಗೆ ತಂತಿಗಳು ತಾಗಿಕೊಂಡಿರುವುದರಿಂದ ಚುರುಕಾಗಿ ನುಡಿಯುವ ಸ್ನೇರ್ ಅದಕ್ಕೆ ಉತ್ತರ ಕೊಡುತ್ತದೆ. ಹೈ-ಹ್ಯಾಟ್ ಎರಡರ ನಡುವಿನ ಎಣಿಕೆಯನ್ನು ಹಿಡಿದಿಡುತ್ತದೆ. ಟಾಮ್ ಎಂಬ ಡ್ರಮ್‌ಗಳು ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟಿಸಲು, ಕ್ರ್ಯಾಶ್ ಎಂಬ ತಾಳ ಹೊಸ ಸಾಲಿನ ಆರಂಭವನ್ನು ಸಾರಲು, ರೈಡ್ ಎಂಬ ತಾಳ ಹೈ-ಹ್ಯಾಟಿಗೆ ಬದಲಾಗಿ ಎಣಿಕೆ ಹಿಡಿಯಲು ಬರುತ್ತವೆ.

ರಬ್ಬರ್ ಪ್ಯಾಡ್ ಸ್ನೇರಿಗೆ ಮಾತ್ರ ಬದಲಿ. ಮೇಜಿನ ಮೇಲೆ ಇಟ್ಟು ನುಡಿಸಿದರೆ ಪಕ್ಕದ ಕೋಣೆಗೂ ಹೆಚ್ಚು ಕೇಳುವುದಿಲ್ಲ, ಮಣಿಕಟ್ಟು ಪಳಗಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ರಬ್ಬರ್ ಕೋಲನ್ನು ತಾನೇ ಮೇಲಕ್ಕೆ ಚಿಮ್ಮಿಸುತ್ತದೆ. ಎರಡು ತಿಂಗಳು ಪ್ಯಾಡನ್ನಷ್ಟೇ ನುಡಿಸಿ, ನೆಲದ ಮೇಲೆ ನಿಲ್ಲುವ ದೊಡ್ಡ ಫ್ಲೋರ್ ಟಾಮಿನ ಮುಂದೆ ಕುಳಿತಾಗ, ಅದರ ಸಡಿಲವಾದ ಹೊದಿಕೆಯಿಂದ ಕೋಲು ಮೇಲೇಳದೆ ನನ್ನ ಕೈ ತಡವರಿಸಿತು. ಕಾಲಿಗಂತೂ ಇದರಲ್ಲಿ ಕೆಲಸವೇ ಇಲ್ಲ.

ಎರಡನೆಯದಾಗಿ, ನನ್ನ ಸೆಟ್ಟಿನ ಡ್ರಮ್‌ಗಳ ಮೇಲೆ ಬಿಗಿದಿದ್ದ ಹೊದಿಕೆಗಳನ್ನು ತೆಗೆದು ಜಾಲರಿ ಹೊದಿಕೆ ಹಾಕಿದೆ, ತುಂಬ ತೂತುಗಳಿರುವ ಸದ್ದು ಕಡಿಮೆಯ ತಾಳಗಳನ್ನು ಜೋಡಿಸಿದೆ. ಪ್ರತಿಯೊಂದು ಭಾಗವೂ ತನ್ನ ಎತ್ತರ, ದೂರ, ಓರೆಯಲ್ಲೇ ಇರುವುದರಿಂದ ಕೈಗೆ ದಾರಿ ತಪ್ಪುವುದಿಲ್ಲ, ಮತ್ತು ತಾಳವನ್ನು ಮೆಲ್ಲಗೆ ತಟ್ಟಿದಾಗಲೂ ಜೋರಾಗಿ ಹೊಡೆದಾಗಲೂ ನಿಜವಾದ ವ್ಯತ್ಯಾಸ ಕೇಳುತ್ತದೆ. ಜಾಲರಿ ಕೋಲನ್ನು ರಬ್ಬರಿಗಿಂತಲೂ ಹೆಚ್ಚು ಎಸೆಯುತ್ತದೆ ಎಂಬುದು ಇದರ ದೋಷ. ಟಾಮ್‌ಗಳ ಜಾಲರಿಯನ್ನು ಸಡಿಲಗೊಳಿಸಿದ ಮೇಲೆ ಸ್ವಲ್ಪ ಸರಿಹೋಯಿತು.

ಮೂರನೆಯದು ಎಲೆಕ್ಟ್ರಾನಿಕ್ ಸೆಟ್. ಹೆಡ್‌ಫೋನ್ ಹಾಕಿಕೊಂಡವರಿಗೆ ದೊಡ್ಡ ಸಭಾಂಗಣದ ನಾದ ಕೇಳುತ್ತದೆ, ಹೊರಗಿನವರಿಗೆ ರಬ್ಬರಿನ ಮೇಲೆ ಕೋಲು ಬೀಳುವ ತಟತಟ ಸದ್ದಷ್ಟೇ. ನಾನು ಬಳಸಿದ ಅಗ್ಗದ ಸೆಟ್ಟಿನಲ್ಲಿ ಸ್ನೇರಿನ ಮೇಲಿನ ತೀರ ಮೃದುವಾದ ಪೆಟ್ಟುಗಳು ನುಡಿಯದೇ ಹೋಗುತ್ತಿದ್ದವು, ಹೀಗಾಗಿ ಕೈ ತನಗರಿವಿಲ್ಲದೆ ಜೋರಾಗಿ ಹೊಡೆಯುವುದನ್ನು ಕಲಿಯತೊಡಗಿತು. ಸದ್ದಿನ ವಿಷಯದಲ್ಲಾದರೂ ಇದೇ ಗೆದ್ದಿತೆಂದು ನಾನು ನಂಬಿದ್ದೆ. ಮೂರನೆಯ ದಿನ ಕೆಳಮನೆಯ ಅಜ್ಜಿ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದರು: "ತಮ್ಮಾ, ಮ್ಯಾಲೆ ಯಾರೋ ಖಾರ ಕುಟ್ಟಿದಂಗೆ ದಪ್ ದಪ್ ಅಂತೈತಿ ನೋಡು."

ನಾನು ಅವರ ಮನೆಯಲ್ಲಿ ಕುಳಿತು, ತಮ್ಮನಿಗೆ ಅದೇ ನಡೆಯನ್ನು ನುಡಿಸಲು ಹೇಳಿದೆ. ಹೈ-ಹ್ಯಾಟ್ ಇಲ್ಲ, ಸ್ನೇರ್ ಇಲ್ಲ. ಒಂದು, ಮೂರು, ಒಂದು, ಮೂರು ಎಂದು ಬಾಸ್ ಪೆಡಲಿನ ಪೆಟ್ಟು ಮಾತ್ರ ಸೂರಿನಿಂದ ಇಳಿಯುತ್ತಿತ್ತು, ಅಡುಗೆಮನೆಯ ಕಪಾಟಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದ ಸ್ಟೀಲ್ ಲೋಟಗಳು ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅದು ಗಾಳಿಯಲ್ಲಿ ಬರುವ ಸದ್ದಲ್ಲ. ಪೆಡಲಿನ ಸುತ್ತಿಗೆ ಬಡಿಯುವ ಸಣ್ಣ ಪ್ಯಾಡ್ ನೆಲಕ್ಕೆ ಊರಿದ ಕಂಬದ ಮೇಲಿರುವುದರಿಂದ ಪೆಟ್ಟು ನೇರವಾಗಿ ಕಾಂಕ್ರೀಟಿಗೆ ಇಳಿಯುತ್ತದೆ. ಜಾಲರಿ ಹಾಕಿದ ಬಾಸ್ ಡ್ರಮ್ ಈ ಒಂದು ವಿಷಯದಲ್ಲಿ ಮೇಲು, ಏಕೆಂದರೆ ಅಗಲವಾದ ಜಾಲರಿ ಹಿಂದಕ್ಕೆ ಬಗ್ಗಿ ಪೆಟ್ಟಿನ ಬಿರುಸನ್ನು ತಡೆಯುತ್ತದೆ. ಕಂಬಳಿ ಹಾಸಿದ್ದರಿಂದ ಎರಡರಲ್ಲೂ ಏನೂ ಬದಲಾಗಲಿಲ್ಲ.

ಕೊನೆಗೆ ಫಲ ಕೊಟ್ಟಿದ್ದು ಟೆನಿಸ್ ಚೆಂಡಿನ ವೇದಿಕೆ. 18 ಮಿ.ಮೀ. ದಪ್ಪದ ಎರಡು ಪ್ಲೈವುಡ್ ಹಲಗೆಗಳನ್ನು ತಂದು, ಕೆಳಗಿನದಕ್ಕೆ ಚೆಂಡಿಗಿಂತ ಕಿರಿದಾದ, ಸುಮಾರು 5 ಸೆಂ.ಮೀ. ಅಗಲದ ತೂತುಗಳನ್ನು ಕೊರೆಸಿ, ಮಕ್ಕಳು ಕ್ರಿಕೆಟ್ ಆಡಿ ಬಿಟ್ಟಿದ್ದ ಹಳೆಯ ಚೆಂಡುಗಳನ್ನು ಕೂರಿಸಿ, ಮೇಲೆ ಇನ್ನೊಂದು ಹಲಗೆ ಇಟ್ಟೆ. ಸೆಟ್ಟು, ಸ್ಟೂಲು, ನುಡಿಸುವವರು ಎಲ್ಲರೂ ಮೇಲಿನ ಹಲಗೆಯ ಮೇಲೆಯೇ ಇರಬೇಕು. ಚೆಂಡು ಹೆಚ್ಚಾದಷ್ಟೂ ವೇದಿಕೆ ಬಿಗಿಯಾಗಿ ಪೆಟ್ಟನ್ನು ಕೆಳಗೆ ದಾಟಿಸುತ್ತದೆ, ಕಡಿಮೆಯಾದರೆ ಚೆಂಡು ಚಪ್ಪಟೆಯಾಗಿ ಹಲಗೆಗಳೇ ಒಂದಕ್ಕೊಂದು ತಾಗುತ್ತವೆ. ನಾನು 16 ಚೆಂಡುಗಳಿಂದ ಆರಂಭಿಸಿದೆ. ಸ್ಟೂಲಿನ ಕಡೆ ವಾಲಿದ್ದನ್ನು ಕಂಡು ಅಲ್ಲಿ ಮಾತ್ರ ಇನ್ನು ನಾಲ್ಕು ಸೇರಿಸಿದೆ.

ಲೋಟಗಳ ಕಿಣಿಗುಟ್ಟುವಿಕೆ ನಿಂತಿತು. ಒಂದು ವಾರದ ನಂತರ ಅದು ಮತ್ತೆ ಕೇಳಿದಾಗ ಹುಡುಕಿದರೆ, ಮೇಲಿನ ಹಲಗೆ ನುಡಿಸುತ್ತ ನುಡಿಸುತ್ತ ಜರುಗಿ ಗೋಡೆಗೆ ತಾಗಿತ್ತು. ನಾಲ್ಕು ಬೆರಳು ಈಚೆಗೆ ಎಳೆದ ಕೂಡಲೇ ಸರಿಯಾಯಿತು. ಈಗ ನನ್ನ ಮನೆಯಲ್ಲಿ ಉಳಿದಿರುವುದು ಜಾಲರಿ ಹಾಕಿದ ಸೆಟ್ಟು ಮತ್ತು ಆ ವೇದಿಕೆ. ರಾತ್ರಿ ಒಂಬತ್ತರ ನಂತರ ರಬ್ಬರ್ ಪ್ಯಾಡ್ ಮಾತ್ರ.