ಇಎನ್ 19 ಸಿಗಲಿಲ್ಲ: ಮೂರು ಸರಳು ಹೋಲಿಸಿ ಒಪ್ಪಿಗೆ ಕೇಳಿದ್ದು

ಹಾಸನದ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿಗೆ ಕಾಫಿ ಹಲ್ಲರಿನ 40 ಶಾಫ್ಟ್‌ಗಳ ಆರ್ಡರ್ ಬಂದಿತ್ತು. ಡ್ರಾಯಿಂಗ್‌ನಲ್ಲಿ 60 ಮಿ.ಮೀ. ವ್ಯಾಸದ ಇಎನ್ 19 ಉಕ್ಕಿನ ಸರಳು, ಹದ ಮಾಡಿದ ಮೇಲೆ ಟಿ ಕಂಡೀಷನ್ ಎಂಬ ಬಲದ ದರ್ಜೆ, ಗಡಸುತನ 248ರಿಂದ 302 ಬಿಎಚ್‌ಎನ್ ಅಂತ ಇತ್ತು. ಬೆಂಗಳೂರಲ್ಲಿ ಎಲ್ಲಿ ವಿಚಾರಿಸಿದರೂ ಆ ಸೈಜು ಖಾಲಿ, ಸೀಸನ್ ಮಾತ್ರ ಕಾಯುವುದಿಲ್ಲ.

ಸಿಕ್ಕಿದ್ದು ಇಎನ್ 8, ಇಎನ್ 24 ಮತ್ತು 4140 ಎಂಬ ಬೇರೆ ಗ್ರೇಡಿನ ಉಕ್ಕುಗಳು. ಮೂರರಿಂದಲೂ ಒಂದೊಂದು ತುಂಡು ಕತ್ತರಿಸಿ, ಎಣ್ಣೆಯಲ್ಲಿ ಕ್ವೆಂಚ್ ಮಾಡಿಸಿ, ಒಂದೇ ಉಷ್ಣದಲ್ಲಿ ಟೆಂಪರ್ ಮಾಡಿಸಿದೆವು. ಆಮೇಲೆ ತುಂಡನ್ನು ಅಡ್ಡ ಕತ್ತರಿಸಿ ಮೇಲ್ಮೈ ಮತ್ತು ನಡುವಿನ ಗಡಸುತನ ನೋಡಿದೆವು. ಮೇಲ್ಮೈ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ.

ಇಎನ್ 8 ಅಗ್ಗ. ಆದರೆ ಮೇಲೆ 235, ನಡುವೆ 187. ಕ್ರೋಮಿಯಂ, ಮಾಲಿಬ್ಡಿನಂ ಇಲ್ಲದ ಉಕ್ಕು ಇಷ್ಟು ದಪ್ಪದಲ್ಲಿ ಒಳಗಿನ ತನಕ ಹದ ಹಿಡಿಯುವುದಿಲ್ಲ. ಅಲ್ಲಿಗೆ ಅದನ್ನು ಬಿಟ್ಟೆವು.

ದುಬಾರಿಯಾದ ಇಎನ್ 24 ಕೊಟ್ಟರೆ ಯಾರೂ ಬೇಡ ಅನ್ನಲ್ಲ ಅಂತ ನಾನು ನಂಬಿದ್ದೆ. ಆದರೆ ಅದು ಮೇಲೆ 321, ನಡುವೆ 315 ಬಂತು, ಅಂದರೆ ಮಿತಿಯನ್ನೇ ದಾಟಿತು. ಟೆಂಪರಿಂಗ್ ಉಷ್ಣ ಏರಿಸಿದರೆ ಇಳಿಸಬಹುದು, ನಿಜ. ಆದರೆ ಅದಕ್ಕೆ ಇನ್ನೊಂದು ಸುತ್ತು ಟ್ರಯಲ್ ಬೇಕು, ನಿಕ್ಕಲ್ ಇರುವುದರಿಂದ ರೇಟೂ ಜಾಸ್ತಿ, ಕೀವೇ ಹೊಡೆಯುವಾಗ ಕಟರ್ ಬೇಗ ಸವೆಯಿತು.

4140 ಮೇಲೆ 285, ನಡುವೆ 262. ಅರ್ಧ ತ್ರಿಜ್ಯದಲ್ಲಿ ತೆಗೆದ ಟೆನ್ಸೈಲ್ ತುಂಡು 910 ಎಂಪಿಎ ಕೊಟ್ಟಿತು, ಟಿ ಕಂಡೀಷನ್‌ಗೆ ಬೇಕಾದದ್ದು 850ರಿಂದ 1000.

ಹಾಗಾಗಿ ಇಎನ್ 19ರ ಬದಲು 4140 ಹಾಕಲು ಗ್ರಾಹಕರ ಒಪ್ಪಿಗೆ ಕೇಳಿದೆವು. ಆದರೂ ನಮ್ಮ ಮೊದಲ ಅರ್ಜಿ ವಾಪಸ್ ಬಂತು, ಏಕೆಂದರೆ ಸುಮ್ನೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಲಗತ್ತಿಸಿ "ಸಮಾನ ಗ್ರೇಡ್" ಅಂತ ಬರೆದಿದ್ದೆವು. ಅದರಲ್ಲಿ ಮಾಲಿಬ್ಡಿನಂ ಶೇ. 0.18 ಇತ್ತು, ಇಎನ್ 19ಕ್ಕೆ ಕನಿಷ್ಠ 0.20 ಬೇಕು. ಮ್ಯಾಂಗನೀಸ್ 0.88, ಅಲ್ಲಿ ಗರಿಷ್ಠ 0.80. ಗ್ರಾಹಕರ ಡಿಸೈನರ್ ಇವೆರಡನ್ನೇ ಹಿಡಿದುಕೊಂಡರು. ಸರಿಯಾಗೇ ಹಿಡಿದರು.

ಎರಡನೇ ಸಲ ಆ ಎರಡು ವ್ಯತ್ಯಾಸವನ್ನು ಮೊದಲ ಸಾಲಲ್ಲೇ ಬರೆದೆವು. ಮಾಲಿಬ್ಡಿನಂ ತಗ್ಗಿದರೆ ಹದ ಒಳಗಿಳಿಯುವುದು ಕಡಿಮೆಯಾಗುತ್ತದೆ, ಮ್ಯಾಂಗನೀಸ್ ಹೆಚ್ಚಿದರೆ ಅದು ಸ್ವಲ್ಪ ತುಂಬಿಕೊಡುತ್ತದೆ, ನಡುವಿನ 262 ಅದಕ್ಕೆ ಸಾಕ್ಷಿ ಅಂತ ವಿವರಿಸಿ, ಅದೇ ಹೀಟ್ ನಂಬರಿನ, ಅಂದರೆ ಒಂದೇ ಸಲ ಕರಗಿಸಿದ ಉಕ್ಕಿನ, ಸರಳಿನ ಲ್ಯಾಬ್ ವರದಿ, ಹೀಟ್ ಟ್ರೀಟ್‌ಮೆಂಟ್ ಚಾರ್ಟ್ ಎರಡನ್ನೂ ಜೊತೆಗಿಟ್ಟೆವು. ಒಪ್ಪಿಗೆ ಕೇಳಿದ್ದು ಈ 40 ಶಾಫ್ಟ್‌ಗಳಿಗೆ ಮಾತ್ರ, ಈ ಹೀಟ್‌ಗೆ ಮಾತ್ರ. ಉತ್ತರ ಬರುವ ತನಕ ಶಾಫ್ಟ್‌ಗಳಿಗಾಗಿ ಒಂದು ಸರಳನ್ನೂ ಕತ್ತರಿಸಲಿಲ್ಲ.

ಪ್ರತಿ ಶಾಫ್ಟಿನ ತುದಿಗೆ ಹೀಟ್ ನಂಬರ್ ಪಂಚ್ ಹೊಡೆಯಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿದರು. ಮೊನ್ನೆ ಅದೇ ಗ್ರಾಹಕರಿಂದ 80 ಮಿ.ಮೀ. ಶಾಫ್ಟಿನ ವಿಚಾರಣೆ ಬಂದಿದೆ. ಅದಕ್ಕೆ ಈ ವರದಿ ತೋರಿಸೋಕೆ ಆಗಲ್ಲ, ಆ ದಪ್ಪದ ತುಂಡನ್ನೇ ಮತ್ತೆ ಹದ ಮಾಡಿಸಿ ಕತ್ತರಿಸಿ ನೋಡಬೇಕು.