ಪುಟ ತುಂಬ ಲೆಕ್ಕ, ಸುತ್ತು ಹಾಕಿದ್ದು ಒಂದಕ್ಕೆ: ನಾಲ್ಕು ದಾರಿ ಮಾಡಿ ನೋಡಿದೆ

ಮನೆಪಾಠ ಮುಗಿಸಿ ಹೋದ ಮೇಲೆ ಹತ್ತನೇ ತರಗತಿಯ ಮಕ್ಕಳು ನನಗೆ ಫೋಟೊ ಕಳಿಸುತ್ತಾರೆ. ಪುಸ್ತಕದ ಇಡೀ ಪುಟ, ಅದರಲ್ಲಿ ಒಂದು ಲೆಕ್ಕಕ್ಕೆ ಪೆನ್ನಿನ ಸುತ್ತು, ಕೆಳಗೆ "ಮಿಸ್, ಇದೊಂದೇ ಬರ್ತಿಲ್ಲ". ಆ ಒಂದನ್ನು ಪುಟದಿಂದ ಸರಿಯಾಗಿ ಎತ್ತಿಕೊಳ್ಳುವುದರಲ್ಲೇ ನಾನು ಜಾಸ್ತಿ ತಪ್ಪು ಮಾಡಿದ್ದೇನೆ. ಹಾಗಾಗಿ ಒಂದೇ ಫೋಟೊವನ್ನು ನಾಲ್ಕು ರೀತಿಯಲ್ಲಿ ನೋಡಿದೆ.

ಆ ಪುಟದಲ್ಲಿ ಮೊದಲ ಪ್ರಶ್ನೆ ಹೀಗಿತ್ತು: ಮೂಲಗಳು ಇದ್ದರೆ, ವರ್ಗ ಪೂರ್ಣಗೊಳಿಸುವ ವಿಧಾನದಿಂದ ಕಂಡುಹಿಡಿಯಿರಿ. ಅದರ ಕೆಳಗೆ ನಾಲ್ಕು ಸಮೀಕರಣ. ಸುತ್ತು ಇದ್ದದ್ದು (ii)ಕ್ಕೆ: 2x² + x − 4 = 0. ಎರಡು ಸಾಲು ಕೆಳಗೆ (iv): 2x² + x + 4 = 0. ನಡುವಿನ ವ್ಯತ್ಯಾಸ ಒಂದೇ ಚಿಹ್ನೆ.

ಮೊದಲು ಇಡೀ ಫೋಟೊವನ್ನು ಝೂಮ್ ಮಾಡಿ ನೋಡುತ್ತಾ ಬಿಡಿಸಿದೆ. ಬೇಗ ಶುರುವಾಗುತ್ತದೆ, ಆದರೆ ಪ್ರತಿ ಸಲ ಫೋನಿನಿಂದ ನೋಟ್‌ಬುಕ್ಕಿಗೆ ಹೋಗಿ ಬರುವಾಗ ಕಣ್ಣು ಬೇರೆ ಸಾಲಿಗೆ ಜಾರುತ್ತದೆ. ನಾನು (iv)ನ್ನು ಬರೆದುಕೊಂಡೆ. (x + 1/4)² = −31/16 ಬಂತು. ವರ್ಗ ಋಣವಾಗುವುದಿಲ್ಲ, ಆದ್ದರಿಂದ ವಾಸ್ತವ ಮೂಲಗಳಿಲ್ಲ ಎಂದು ಕಳಿಸಿಬಿಟ್ಟೆ. ಪ್ರಶ್ನೆಯಲ್ಲೇ "ಇದ್ದರೆ" ಅಂತ ಇದೆಯಲ್ವಾ, ನನಗೆ ಅನುಮಾನವೇ ಬರಲಿಲ್ಲ. ತಪ್ಪು ಸಾಲಿಗೂ ಒಪ್ಪುವಂಥ ಉತ್ತರ ಬರುತ್ತದೆ, ಅದೇ ಇಲ್ಲಿನ ಅಪಾಯ. ನಿಜವಾದ (ii)ಕ್ಕೆ (x + 1/4)² = 33/16 ಬರುತ್ತದೆ, ಮೂಲಗಳು (−1 ± √33)/4.

ಎರಡನೆಯದು, ಸುತ್ತಿನ ಅಂಚಿಗೇ ಕ್ರಾಪ್ ಮಾಡುವುದು. ಪಕ್ಕದ ಸಾಲು ಕಾಣದು, ಆ ತಪ್ಪು ನಿಂತಿತು. ಆದರೆ ಮೇಲಿನ ಸೂಚನೆಯೂ ಹೋಯಿತು. ನಾನು ಸುಮ್ನೆ ಸೂತ್ರ ಹಾಕಿ ಬಿಡಿಸಿದೆ. ಉತ್ತರ ಸರಿ, ವಿಧಾನ ಕೇಳಿದ್ದಲ್ಲ. ಪರೀಕ್ಷೆಯಲ್ಲಿ ಮಗು ಹಾಗೆ ಬರೆದರೆ ಅಂಕ ಹೋಗುತ್ತದೆ. ಅದೇ ಪುಟದ ಎರಡನೇ ಪ್ರಶ್ನೆ ಇನ್ನೂ ಕಷ್ಟ: ಮೇಲಿನ ಪ್ರಶ್ನೆ 1ರ ಸಮೀಕರಣಗಳ ಮೂಲಗಳನ್ನು ಸೂತ್ರದಿಂದ ಕಂಡುಹಿಡಿಯಿರಿ. ಅದಕ್ಕೆ ಸುತ್ತು ಹಾಕಿದ್ದರೆ, ಕ್ರಾಪ್ ಮಾಡಿದ ಚೂರಿನಲ್ಲಿ ಲೆಕ್ಕವೇ ಇರುವುದಿಲ್ಲ.

ಮೂರನೆಯದು, ಮಗುವಿಗೇ ಟೈಪ್ ಮಾಡಿ ಕಳಿಸಲು ಹೇಳುವುದು. 2x2+x-4 ಅಂತ ಬಂತು. ಈ ಲೆಕ್ಕದಲ್ಲಿ ಆ 2 ಘಾತ ಅಂತ ನಾನು ಊಹಿಸಬಲ್ಲೆ, ಭಿನ್ನರಾಶಿ ಅಥವಾ ವರ್ಗಮೂಲ ಇದ್ದರೆ ಊಹೆ ಸಾಲದು. ನನಗೆ ಇದು ಬೇಡವೆನಿಸಿದ್ದಕ್ಕೆ ಬೇರೆ ಕಾರಣವೂ ಇದೆ. ಎಷ್ಟೋ ಸಲ ಮಗು ಸಿಕ್ಕಿಕೊಂಡಿರುವುದೇ ಪ್ರಶ್ನೆಯನ್ನು ತಪ್ಪಾಗಿ ಓದಿದ್ದರಿಂದ. ಅದನ್ನೇ ಟೈಪ್ ಮಾಡಿದರೆ ಆ ತಪ್ಪು ನನಗೆ ಕಾಣುವುದೇ ಇಲ್ಲ.

ಈಗ ನಾನು ಮಾಡುವುದು ನಾಲ್ಕನೆಯದು. ಫೋಟೊದಿಂದ ಎರಡು ಚೂರು ತೆಗೆಯುತ್ತೇನೆ: ಪ್ರಶ್ನೆಯ ತಲೆಬರಹದ ಸಾಲು, ಮತ್ತೆ ಸುತ್ತು ಹಾಕಿದ ಸಾಲು, ಅದರ ಎಡಗಡೆಯ ಸಂಖ್ಯೆಯೂ ಸೇರಿ. ಎರಡನ್ನೂ ನೋಟ್‌ಬುಕ್ಕಿನಲ್ಲಿ "1 (ii)" ಅಂತ ಸಂಖ್ಯೆ ಹಾಕಿ ಬರೆದು, ಫೋನ್ ಪಕ್ಕಕ್ಕಿಟ್ಟು ಬಿಡಿಸುತ್ತೇನೆ. ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತದೆ.

ಕೊನೆಗೆ ತಾಳೆ ನೋಡುವಾಗ ಮತ್ತೆ ಅದೇ ಫೋಟೊವನ್ನು ತೆರೆದು ನೋಡಬೇಕು, ನೋಟ್‌ಬುಕ್ ನೋಡಿ ತಾಳೆ ಹಾಕಬಾರದು. ಮೂಲಗಳ ಮೊತ್ತ −1/2, ಗುಣಲಬ್ಧ −2. ಫೋಟೊದ ಸಮೀಕರಣದಲ್ಲಿ ಕೊನೆಯ ಸಂಖ್ಯೆಯನ್ನು x²ನ ಸಹಗುಣಕದಿಂದ ಭಾಗಿಸಿದರೂ −2 ಬರಬೇಕು. ಬರೆದುಕೊಳ್ಳುವಾಗಲೇ ಚಿಹ್ನೆ ತಪ್ಪಿದ್ದರೆ, ನೋಟ್‌ಬುಕ್ಕಿನೊಳಗಿನ ತಾಳೆ ಆ ತಪ್ಪನ್ನು ಹಿಡಿಯುವುದಿಲ್ಲ.

ಈ ದಾರಿಗೂ ಒಂದು ಮಿತಿ ಇದೆ. ಪೆನ್ನಿನ ಗೆರೆ ಚಿಹ್ನೆಯ ಮೇಲೇ ಹಾದುಹೋಗಿದ್ದರೆ ಮೈನಸ್ಸೋ ಪ್ಲಸ್ಸೋ ಎಷ್ಟು ಝೂಮ್ ಮಾಡಿದರೂ ತಿಳಿಯದು. ಸುತ್ತು ಎರಡು ಸಾಲಿಗೆ ತಾಗಿದ್ದರೂ ಅಷ್ಟೇ. ಆಗ ಊಹೆ ಮಾಡದೆ "(ii) ತಾನೇ? ನಾಲ್ಕರ ಹಿಂದೆ ಏನಿದೆ?" ಅಂತ ಕೇಳುತ್ತೇನೆ. ಫೋಟೊ ಮಸುಕಾಗಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುತ್ತೇನೆ, ಹಾಗೆ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ, ಸಣ್ಣ ಘಾತಗಳು ಉಳಿಯುತ್ತವೆ.

ಮಕ್ಕಳಿಗೆ ಈಗ ಸುತ್ತು ಹಾಕಬೇಡಿ ಅಂದಿದ್ದೇನೆ. ಅಂಚಿನ ಖಾಲಿ ಜಾಗದಲ್ಲಿ, ಲೆಕ್ಕದ ಸಂಖ್ಯೆಯ ಎದುರಿಗೆ ಒಂದು ಬಾಣ ಸಾಕು. ಹೋದ ವಾರ ಬಂದ ಐದು ಫೋಟೊಗಳಲ್ಲಿ ನಾಲ್ಕರಲ್ಲಿ ಬಾಣ ಇತ್ತು.